26 ತಿಂಗಳ ಪ್ರೀಮಿಯಂ ಒಂದೇ ಸೋಮವಾರ ಹೋಯ್ತು. ತಪ್ಪು ಎಲ್ಲಿ ಆಯ್ತು?

ಮಂಡ್ಯ_ಶಿವು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮಂಡ್ಯದಲ್ಲಿ ನನ್ನದು ಗೊಬ್ಬರ, ಔಷಧಿ ಅಂಗಡಿ. 2023ರ ಫೆಬ್ರವರಿಯಿಂದ ಪ್ರತಿ ವಾರ ನಿಫ್ಟಿಯಲ್ಲಿ ಸ್ಟ್ರ್ಯಾಂಗಲ್ ಮಾರುತ್ತಿದ್ದೆ. ಕೆಳಗೆ ದೂರದ ಒಂದು ಪುಟ್, ಮೇಲೆ ದೂರದ ಒಂದು ಕಾಲ್. ಎಕ್ಸ್‌ಪೈರಿಯಲ್ಲಿ ನಿಫ್ಟಿ ಪುಟ್‌ನ ಮಟ್ಟಕ್ಕಿಂತ ಕೆಳಗೆ ಅಥವಾ ಕಾಲ್‌ನ ಮಟ್ಟಕ್ಕಿಂತ ಮೇಲೆ ಇದ್ದರೆ, ಆ ವ್ಯತ್ಯಾಸವನ್ನು ಕೊಂಡವರಿಗೆ ನಾನು ಕೊಡಬೇಕು. ಎಕ್ಸ್‌ಪೈರಿ ದಿನ ಎರಡೂ ಸೊನ್ನೆಯಾದರೆ ಪ್ರೀಮಿಯಂ ಪೂರ್ತಿ ನನ್ನದು. ಶುರುವಿನಲ್ಲಿ 150 ಕ್ವಾಂಟಿಟಿ ಮಾರುತ್ತಿದ್ದೆ. ಪ್ರತಿ ವಾರದ್ದೂ ಅಂಗಡಿಯ ಉದ್ರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದೇನೆ. 26 ತಿಂಗಳಲ್ಲಿ ಖರ್ಚೆಲ್ಲ ಕಳೆದು ಕೈಗೆ ಬಂದಿದ್ದು 3.6 ಲಕ್ಷ. ನಷ್ಟದ ವಾರಗಳು ಬೆರಳೆಣಿಕೆ.

2024ರ ಜೂನ್ 4ರ ಚುನಾವಣಾ ಫಲಿತಾಂಶದ ವಾರ ನಾನು ಮುಟ್ಟಲೇ ಇಲ್ಲ, ದಿನಾಂಕ ಮೊದಲೇ ಗೊತ್ತಿತ್ತಲ್ಲ. ಆಗಸ್ಟ್ 5ರಂದು ಜಪಾನ್ ಮಾರ್ಕೆಟ್ ಕುಸಿದ ಗಲಾಟೆಯಲ್ಲಿ ಸಿಕ್ಕಿಬಿದ್ದೆ. 24,000ದ ಪುಟ್ ಮಾರಿದ್ದೆ. ಎರಡು ದಿನ ನಿದ್ದೆ ಇರಲಿಲ್ಲ, ಆದರೆ ಗುರುವಾರ ನಿಫ್ಟಿ 24,117ಕ್ಕೆ ಮುಗಿಯಿತು, ಪುಟ್ ಸೊನ್ನೆಯಾಯ್ತು. ಕಾದರೆ ವಾಪಸ್ ಬರುತ್ತೆ ಅನ್ನೋದು ಅವತ್ತು ತಲೆಯಲ್ಲಿ ಕೂತುಬಿಟ್ಟಿತು.

ಈಗ 2025ರ ಏಪ್ರಿಲ್ 4, ಶುಕ್ರವಾರಕ್ಕೆ ಬರ್ತೀನಿ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ನಿಫ್ಟಿ 22,900ರ ಆಸುಪಾಸು. 22,300ರ ಪುಟ್ ಅನ್ನು 27 ರೂಪಾಯಿಗೆ, 23,500ರ ಕಾಲ್ ಅನ್ನು 14 ರೂಪಾಯಿಗೆ ಮಾರಿದೆ. ಕ್ವಾಂಟಿಟಿ 600. ಬುಧವಾರವೇ ಎಕ್ಸ್‌ಪೈರಿ, ಗುರುವಾರ ಮಹಾವೀರ ಜಯಂತಿ ರಜೆ ಇತ್ತು. ಎಲ್ಲ ಸರಿ ಹೋಗಿದ್ದರೆ 24,600 ರೂಪಾಯಿ. ಅವತ್ತು ಸಂಜೆ ಚೀನಾ ಅಮೆರಿಕದ ಮೇಲೆ ವಾಪಸ್ ಸುಂಕ ಹಾಕಿತು. ರಾತ್ರಿ ಅಮೆರಿಕದ ಮಾರ್ಕೆಟ್ ಸುಮಾರು 6% ಬಿತ್ತು. ಶನಿವಾರ, ಭಾನುವಾರ ಸುಮ್ನೆ ಕೂತಿದ್ದೆ, ಮಾಡೋಕೆ ಏನೂ ಇರಲಿಲ್ಲ.

ಸೋಮವಾರ ಬೆಳಗ್ಗೆ ಆರೂವರೆಗೆ, ನಮ್ಮ ಮಾರ್ಕೆಟ್ ತೆರೆಯುವ ಮೊದಲೇ ನಡೆಯುವ ಗಿಫ್ಟ್ ನಿಫ್ಟಿ ತೆರೆದು ನೋಡಿದೆ. ಅಂಗಡಿ ಶಟರ್ ಅರ್ಧ ಎತ್ತಿ ಹಾಗೇ ಮೆಟ್ಟಿಲ ಮೇಲೆ ಕೂತೆ. 9:15ಕ್ಕೆ ನಿಫ್ಟಿ 21,758ಕ್ಕೆ ತೆರೆಯಿತು. ನನ್ನ 27 ರೂಪಾಯಿ ಪುಟ್ 600 ದಾಟಿತ್ತು. ಮಾರ್ಜಿನ್, ಅಂದ್ರೆ ಬ್ರೋಕರ್ ಹತ್ತಿರ ಇಡಬೇಕಾದ ಠೇವಣಿ, ಕಮ್ಮಿಯಾಗಿದೆ ಅಂತ ಮೆಸೇಜ್ ಬಂತು. 9:24ಕ್ಕೆ ಬ್ರೋಕರ್ ಕಡೆಯಿಂದಲೇ 610ಕ್ಕೆ ವಾಪಸ್ ಕೊಂಡು ಕಟ್ ಮಾಡಿದರು. ಕಾಲ್‌ನಲ್ಲಿ ಬಂದ ಏಳು ಸಾವಿರ ಸೇರಿಸಿಕೊಂಡೂ 3,42,600 ರೂಪಾಯಿ ನಷ್ಟ.

ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ಬುಧವಾರ ನಿಫ್ಟಿ 22,399ಕ್ಕೆ ಮುಗಿಯಿತು. ನನ್ನ 22,300ರ ಪುಟ್ ಸೊನ್ನೆ ಆಗುತ್ತಿತ್ತು! ನಾನು ಅಂದುಕೊಂಡಿದ್ದು ಕೊನೆಗೆ ಸರಿಯೇ ಆಯ್ತು, ಆದರೂ ಎರಡು ವರ್ಷದ ದುಡಿಮೆ ಹೋಯ್ತು. ಇದು ಬ್ಯಾಡ್ ಲಕ್ಕೋ, ಪದ್ಧತಿಯಲ್ಲೇ ತಪ್ಪಿದೆಯೋ? ತಿಳಿದವರು ಹೇಳಿ.

ವಿಜಯನಗರ_ಕಿರಣ್

ಅಣ್ಣ, ಓದಿ ಬೇಜಾರಾಯ್ತು. ಆದರೆ ಪದ್ಧತಿ ತಪ್ಪಲ್ಲ, ಸ್ಟಾಪ್‌ಲಾಸ್ ಇಲ್ಲದ್ದು ತಪ್ಪು. ನಾನು ಮೈಸೂರಲ್ಲಿ ನಾಲ್ಕು ವರ್ಷದಿಂದ ಇದೇ ಮಾಡ್ತಿದ್ದೇನೆ. 27ಕ್ಕೆ ಮಾರಿದರೆ 60ಕ್ಕೆ ಸ್ಟಾಪ್‌ಲಾಸ್. ಅಷ್ಟಿದ್ದಿದ್ದರೆ ನಿಮ್ಮ ನಷ್ಟ 20 ಸಾವಿರದಲ್ಲಿ ನಿಲ್ಲುತ್ತಿತ್ತು. ಇನ್ನೊಂದು ಮಾತು, 2.5% ದೂರದ ಪುಟ್ ಸೊನ್ನೆಯಾಗುವ ಸಾಧ್ಯತೆ 95%ಗಿಂತ ಜಾಸ್ತಿ. ಲೆಕ್ಕ ಯಾವತ್ತೂ ಮಾರುವವನ ಕಡೆಗೇ ಇರುತ್ತೆ.

ಸರಸ್ವತಿಪುರಂ_ವಸುಧಾ

ಶಿವು ಅವರೇ, ಲೆಕ್ಕವನ್ನು ಇಷ್ಟು ಬಿಡಿಸಿ ಬರೆದಿದ್ದಕ್ಕೆ ಥ್ಯಾಂಕ್ಸ್. ನಾನು ಮುಂಬೈಯಲ್ಲಿ ಒಂದು ಬ್ಯಾಂಕಿನ ಟ್ರೆಶರಿಯಲ್ಲಿ ಆಪ್ಷನ್ ಡೆಸ್ಕ್ ನೋಡಿಕೊಳ್ಳುತ್ತಿದ್ದೆ, ಈಗ ಮೈಸೂರಿಗೆ ಬಂದು ನೆಲೆಸಿದ್ದೇನೆ.

ಮೊದಲು ಕಿರಣ್ ಮಾತಿಗೆ ಬರುತ್ತೇನೆ. ಆಪ್ಷನ್‌ಗಳಲ್ಲಿ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ಅನ್ನು ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿದೆ. ಈಗ ಇರೋದು ಲಿಮಿಟ್ ಹಾಕುವ ಸ್ಟಾಪ್‌ಲಾಸ್ ಮಾತ್ರ. 60ಕ್ಕೆ ಟ್ರಿಗರ್, 65ಕ್ಕೆ ಲಿಮಿಟ್ ಅಂತ ಇಟ್ಟಿದ್ದೀರಿ ಅಂದುಕೊಳ್ಳಿ. ಶುಕ್ರವಾರ 27ರಲ್ಲಿದ್ದ ಪುಟ್ ಸೋಮವಾರ 500ರ ಮೇಲೆ ತೆರೆಯುತ್ತೆ. ಆರ್ಡರ್ ಟ್ರಿಗರ್ ಆಗುತ್ತೆ, ಆದರೆ 65ಕ್ಕೆ ಕೊಡುವವರು ಯಾರೂ ಇಲ್ಲ, ಆರ್ಡರ್ ಹಾಗೇ ನೇತಾಡುತ್ತೆ. ಮಧ್ಯದ ಬೆಲೆಗಳಲ್ಲಿ ವ್ಯಾಪಾರವೇ ನಡೆದಿಲ್ಲ ಅಂದ ಮೇಲೆ ಅಲ್ಲಿ ಹೊರಗೆ ಬರೋದು ಹೇಗೆ? ಸ್ಟಾಪ್‌ಲಾಸ್ ಕಾಪಾಡೋದು ಬೆಲೆ ಒಂದೊಂದೇ ಮೆಟ್ಟಿಲು ಹತ್ತಿದಾಗ.

ಇನ್ನು 95% ಮಾತು. ಆ ಶುಕ್ರವಾರ ಇಂಡಿಯಾ ವಿಕ್ಸ್, ಅಂದ್ರೆ ವರ್ಷದ ಲೆಕ್ಕದಲ್ಲಿ ಮಾರ್ಕೆಟ್ ನಿರೀಕ್ಷಿಸುವ ಅಲುಗಾಟದ ಅಳತೆ, 13.76 ಇತ್ತು. ಅದನ್ನು 16ರಿಂದ ಭಾಗಿಸಿದರೆ ಮಾರ್ಕೆಟ್ ಒಂದು ದಿನಕ್ಕೆ ಎಷ್ಟು ಅಲುಗಾಟ ನಿರೀಕ್ಷಿಸುತ್ತಿದೆ ಅನ್ನೋದು ಸಿಗುತ್ತೆ, 0.86%. ನಿಫ್ಟಿಯಲ್ಲಿ ಸುಮಾರು 197 ಪಾಯಿಂಟ್. ಸೋಮವಾರ ತೆರೆಯುವಾಗಲೇ ಬಿದ್ದಿದ್ದು 1,146 ಪಾಯಿಂಟ್, ಹತ್ತಿರ ಹತ್ತಿರ ಆರು ಪಟ್ಟು. ಪುಸ್ತಕದ ಗಂಟೆಯಾಕಾರದ ಗೆರೆಯನ್ನು ನಂಬಿದರೆ ಇಂಥ ದಿನ ಮನುಷ್ಯ ಕುಲದ ಆಯಸ್ಸಿನಲ್ಲೇ ಬರಬಾರದು. ಆದರೆ 2020ರ ಮಾರ್ಚ್ 23ರಂದು ಒಂದೇ ದಿನ 13% ಬಿದ್ದಿದ್ದನ್ನು ಇಲ್ಲಿರುವ ಎಷ್ಟೋ ಜನ ಕಣ್ಣಾರೆ ನೋಡಿದ್ದಾರೆ. ಎಷ್ಟು ಸಲ ಗೆಲ್ತೀರಿ ಅನ್ನೋದನ್ನು ಕಿರಣ್ ಸರಿಯಾಗಿ ಹೇಳಿದ್ದಾರೆ. ಸೋತ ಒಂದು ಸಲ ಎಷ್ಟು ಹೋಗುತ್ತೆ ಅನ್ನೋದು ಆ ಶೇಕಡಾದಲ್ಲಿ ಇಲ್ಲ. 27 ಗಳಿಸೋಕೆ ಹೋಗಿ 583 ಕಳೆದುಕೊಂಡರೆ, ಅಂಥ ಒಂದು ವಾರಕ್ಕೆ ಇಪ್ಪತ್ತೊಂದಕ್ಕೂ ಹೆಚ್ಚು ಗೆದ್ದ ವಾರ ಬೇಕು.

ಮದ್ದೂರು_ನಾಗರಾಜ

ನಾನು ಇನ್ಶೂರೆನ್ಸ್ ಏಜೆಂಟ್, ಹದಿನೆಂಟು ವರ್ಷದಿಂದ. ಟೈಟಲ್‌ನಲ್ಲಿ ಪ್ರೀಮಿಯಂ ಹೋಯ್ತು ಅಂತ ನೋಡಿ ಯಾವುದೋ ಪಾಲಿಸಿ ಲ್ಯಾಪ್ಸ್ ಆಗಿರಬೇಕು ಅಂದುಕೊಂಡು ಒಳಗೆ ಬಂದೆ. ಷೇರಿನ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಒಂದು ಅರ್ಥ ಆಗಲಿಲ್ಲ. ಪ್ರೀಮಿಯಂ ತೆಗೆದುಕೊಳ್ಳುವ ಕಂಪನಿ ಯಾವತ್ತೂ ಹೀಗೆ ಮುಳುಗಲ್ಲ. ನನ್ನ ಹತ್ತಿರ ಸಾವಿರಾರು ಬೈಕ್ ಪಾಲಿಸಿ ಇವೆ. ತಿಂಗಳಿಗೆ ನಾಲ್ಕೈದು ಆಕ್ಸಿಡೆಂಟ್ ಕ್ಲೇಮ್ ಬರ್ತವೆ, ಉಳಿದವರ ದುಡ್ಡಲ್ಲಿ ಅದು ನಡೀತದೆ. ಮದ್ದೂರಿನ ಎಲ್ಲ ಬೈಕೂ ಒಂದೇ ದಿನ ಬೀಳಲ್ಲವಲ್ಲ? ನೀವು ಎಷ್ಟು ಜನಕ್ಕೆ ಪಾಲಿಸಿ ಮಾರಿದ್ರಿ?

ಮಂಡ್ಯ_ಶಿವು

ನಾಗರಾಜಣ್ಣ, ಒಂದೇ ಪಾಲಿಸಿ. 600 ಕ್ವಾಂಟಿಟಿ, ಆದರೆ ಎಲ್ಲ ಅದೇ ನಿಫ್ಟಿ.

ಸರಸ್ವತಿಪುರಂ_ವಸುಧಾ

ನಾಗರಾಜ್ ಅವರು ಬೇರೆ ಏನೋ ಅಂದುಕೊಂಡು ಬಂದು ಸರಿಯಾದ ಜಾಗಕ್ಕೇ ಕೈ ಇಟ್ಟರು. ಈ ಪ್ರೀಮಿಯಂ ಯಾಕಿದೆ ಅನ್ನೋದಕ್ಕೆ ಉತ್ತರವೂ ಅದೇ.

ನೋಡಿ, ಅಮೆರಿಕದಲ್ಲಿ ಹಲವು ದಶಕಗಳ ಲೆಕ್ಕ ತೆಗೆದರೆ, ವಿಕ್ಸ್ ತೋರಿಸಿದ ಅಲುಗಾಟ ಆಮೇಲೆ ನಿಜವಾಗಿ ಆದ ಅಲುಗಾಟಕ್ಕಿಂತ ಸರಾಸರಿ ಮೂರು ನಾಲ್ಕು ಪಾಯಿಂಟ್ ಜಾಸ್ತಿ. ಆಪ್ಷನ್ ಕೊಳ್ಳುವವರು ನ್ಯಾಯವಾದ ಬೆಲೆಗಿಂತ ಸ್ವಲ್ಪ ಹೆಚ್ಚೇ ಕೊಡ್ತಾರೆ. ಅವರು ದಡ್ಡರಲ್ಲ. ಸಾವಿರ ಕೋಟಿ ಷೇರು ಇಟ್ಟುಕೊಂಡ ಫಂಡ್‌ಗೆ ಪುಟ್ ಅಂದ್ರೆ ಮನೆಗೆ ಮಾಡಿಸಿದ ಬೆಂಕಿ ವಿಮೆ ಇದ್ದ ಹಾಗೆ. ಸರಾಸರಿಯಲ್ಲಿ ದುಡ್ಡು ಹೋಗುತ್ತೆ ಅಂತ ಗೊತ್ತಿದ್ದೇ ಕೊಳ್ತಾರೆ, ಯಾಕಂದ್ರೆ ಉಳಿದದ್ದೆಲ್ಲ ಬೀಳುವ ದಿನ ಅದೊಂದೇ ಏರೋದು.

ಅದನ್ನು ಮಾರುವವನ ಜಾಗದಲ್ಲಿ ನಿಂತು ನೋಡಿ. ಅವನಿಗೆ ನಷ್ಟ ಬರುವ ದಿನ ಎಂಥದ್ದು? ಅವನ ಮ್ಯೂಚುವಲ್ ಫಂಡೂ ಬಿದ್ದಿರುತ್ತೆ, ಸಾಲ ಕೊಡುವವರೂ ಕೈ ಹಿಂದೆ ತೆಗೆಯುತ್ತಾರೆ, ಮಾರಿದವರೆಲ್ಲ ಒಂದೇ ಬಾಗಿಲಿಂದ ಹೊರಗೆ ಓಡುತ್ತಿರುತ್ತಾರೆ. ನಾಗರಾಜ್ ಅವರ ಬೈಕುಗಳು ಬೇರೆ ಬೇರೆ ದಿನ ಬೀಳುತ್ತವೆ, ಇಲ್ಲಿ ಎಲ್ಲ ಒಂದೇ ದಿನ ಬೀಳುತ್ತವೆ. ಬ್ಯಾಂಕ್ ನಿಫ್ಟಿ, ಸೆನ್ಸೆಕ್ಸ್ ಅಂತ ಹಂಚಿದರೂ ಅಷ್ಟೇ. ಹಂಚಿಕೊಂಡು ಕಮ್ಮಿ ಮಾಡಲಾಗದ ನೋವು ಇದು. ಅದನ್ನು ಹೊರೋದಕ್ಕೆ ಸಿಗುವ ಕೂಲಿಯೇ ಆ ಮೂರು ನಾಲ್ಕು ಪಾಯಿಂಟ್. ಹಾಗಾಗಿ ಏಪ್ರಿಲ್ 7 ಪದ್ಧತಿಗೆ ಹೊರಗಿನಿಂದ ಬಂದ ಅಪಘಾತ ಅಲ್ಲ. ನಿಮಗೆ 26 ತಿಂಗಳು ದುಡ್ಡು ಬಂದಿದ್ದೇ ಅಂಥ ದಿನ ಇರೋದರಿಂದ.

ಶಿವು, ಒಂದು ಕೇಳಬೇಕು. 150ರಿಂದ 600ಕ್ಕೆ ಹೇಗೆ ಹೋದಿರಿ?

ಮಂಡ್ಯ_ಶಿವು

ಮೇಡಂ, ಪುಸ್ತಕ ತೆಗೆದು ನೋಡಿದೆ. ಮೊದಮೊದಲು ವಾರಕ್ಕೆ ಐದು ಸಾವಿರ ಬರುತ್ತಿತ್ತು. 2023ರ ಮಧ್ಯದಲ್ಲಿ ವಿಕ್ಸ್ 11ಕ್ಕೆ ಇಳಿಯಿತು, ಅದೇ ದೂರದ ಆಪ್ಷನ್‌ಗೆ ಅರ್ಧ ದುಡ್ಡೂ ಸಿಗುತ್ತಿರಲಿಲ್ಲ. ಐದು ಸಾವಿರ ಬರಲೇಬೇಕು ಅಂತ 300 ಮಾಡಿದೆ. ಆಮೇಲೆ ಮಗಳ ಹಾಸ್ಟೆಲ್ ಫೀಸು ಬಂತು, ಲಾಭವೂ ಕೂಡಿಕೊಂಡಿತ್ತು, 450 ಮಾಡಿದೆ. ಆಗಸ್ಟ್ 5ರಿಂದ ಪಾರಾದ ಮೇಲೆ ಧೈರ್ಯ ಬಂದು 600. ಮಾರ್ಜಿನ್‌ಗೆ 7 ಲಕ್ಷ ಕ್ಯಾಶ್, 9 ಲಕ್ಷದ ಮ್ಯೂಚುವಲ್ ಫಂಡ್ ಪ್ಲೆಡ್ಜ್ ಇಟ್ಟಿದ್ದೆ. 16ರಲ್ಲಿ 14 ಲಕ್ಷ ಬಳಕೆಯಲ್ಲಿತ್ತು.

ಸರಸ್ವತಿಪುರಂ_ವಸುಧಾ

ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮಾರ್ಕೆಟ್ ಶಾಂತವಾದಷ್ಟೂ ಪ್ರೀಮಿಯಂ ಇಳಿಯುತ್ತೆ. ಅಷ್ಟೇ ಆದಾಯ ಬೇಕು ಅಂದ್ರೆ ಕ್ವಾಂಟಿಟಿ ಏರಿಸಬೇಕು. ಅಂದ್ರೆ ವಿಮೆ ತೀರಾ ಅಗ್ಗವಾಗಿದ್ದಾಗ ನೀವು ಅತಿ ಹೆಚ್ಚು ವಿಮೆ ಮಾರಿದ್ದೀರಿ. ನೀವೊಬ್ಬರೇ ಅಲ್ಲ, ದೊಡ್ಡ ಸಂಸ್ಥೆಗಳೂ ಇದನ್ನೇ ಮಾಡುತ್ತವೆ. ಹೊಡೆತ ಯಾವಾಗಲೂ ಅತಿ ದೊಡ್ಡ ಕ್ವಾಂಟಿಟಿಯ ಮೇಲೆ ಬೀಳೋದು ಇದಕ್ಕೇ. 150ರಲ್ಲೇ ಇದ್ದಿದ್ದರೆ ಅದೇ ಸೋಮವಾರ ನಿಮಗೆ 86 ಸಾವಿರ ನಷ್ಟ ಕಾಣುತ್ತಿತ್ತು. ಅದಕ್ಕಿಂತ ಮುಖ್ಯ, ಮಾರ್ಜಿನ್ ಸಾಕಾಗುತ್ತಿತ್ತು, ಯಾರೂ ಕಟ್ ಮಾಡುತ್ತಿರಲಿಲ್ಲ. ಬುಧವಾರ ಆ ಪುಟ್ ನಿಮ್ಮ ಕಣ್ಣೆದುರೇ ಸೊನ್ನೆ ಆಗುತ್ತಿತ್ತು.

ಅವತ್ತು ಬೆಳಗ್ಗೆ ಮೂರು ಕಡೆಯಿಂದ ಹಿಂಡಿದೆ. ಮೂರೂವರೆ ಲಕ್ಷದ ನಷ್ಟ ಕಂಡು ಕ್ಯಾಶ್ ಅರ್ಧಕ್ಕೆ ಇಳಿಯಿತು. ಪ್ಲೆಡ್ಜ್ ಇಟ್ಟ ಫಂಡ್‌ಗಳ ಬೆಲೆಯೂ ಬಿತ್ತು. ವಿಕ್ಸ್ ಅವತ್ತು 65% ಏರಿ 22.79ಕ್ಕೆ ಮುಗಿದಿದೆ, ಹಾಗಾಗಿ ಅದೇ ಪೊಸಿಷನ್‌ಗೆ ಎಕ್ಸ್‌ಚೇಂಜ್ ಕೇಳುವ ಮಾರ್ಜಿನ್ ಕೂಡ ಏರಿತು. ಕೊಡಬೇಕಾದ್ದು ಜಾಸ್ತಿಯಾಯ್ತು, ಕೈಯಲ್ಲಿದ್ದದ್ದು ಕಮ್ಮಿಯಾಯ್ತು, ಎರಡೂ ಒಂದೇ ನಿಮಿಷದಲ್ಲಿ.

ಹೆಬ್ಬಾಳ್_ದೀಪು

ಇಷ್ಟೆಲ್ಲ ಯಾಕೆ ಗುರು, ರಾತ್ರಿ ಪೊಸಿಷನ್ ಇಟ್ಟುಕೊಳ್ಳಲೇಬೇಡಿ. ನಾನು 9:20ಕ್ಕೆ ಮಾರ್ತೀನಿ, 3:15ಕ್ಕೆ ಮುಗಿಸ್ತೀನಿ. ಗ್ಯಾಪ್ ಭಯವೇ ಇಲ್ಲ. ಏಪ್ರಿಲ್ 7ರಂದು ನನಗೆ ಲಾಭ ಬಂದಿದೆ, ಬೆಳಗ್ಗೆ ಪ್ರೀಮಿಯಂ ಉಬ್ಬಿತ್ತು, ಮಾರಿದೆ, ಇಳಿಯಿತು.

ಸರಸ್ವತಿಪುರಂ_ವಸುಧಾ

ದೀಪು, ಗ್ಯಾಪ್ ತಪ್ಪುತ್ತೆ, ನಿಜ. ಆದರೆ ಪ್ರೀಮಿಯಂನಲ್ಲಿ ಒಂದು ಪಾಲು ಆ ರಾತ್ರಿಯನ್ನು ಹೊತ್ತುಕೊಳ್ಳೋದಕ್ಕೇ ಕೊಡೋದು, ಅದನ್ನು ನೀವು ಬಿಟ್ಟುಕೊಡ್ತಿದ್ದೀರಿ. ಹಗಲೂ ಕ್ಷೇಮ ಅಂತ ಹೇಳಲಾರೆ. 2024ರ ಜೂನ್ 4ರ ಹಗಲಿನಲ್ಲೇ ನಿಫ್ಟಿ ಹಿಂದಿನ ದಿನಕ್ಕಿಂತ 8%ಗೂ ಹೆಚ್ಚು ಕೆಳಗೆ ಹೋಗಿ, ಕೊನೆಗೆ ಸುಮಾರು 6% ಇಳಿಕೆಯಲ್ಲಿ ಮುಗಿದಿದ್ದು.

ಹಗಲಿನಲ್ಲೇ, ಅದೂ ಸಂಜೆಯ ಹದಿನೈದು ನಿಮಿಷದಲ್ಲಿ, ಏಳು ವರ್ಷ ಅಳಿಸಿ ಹೋದ ಒಂದು ಕೇಸ್ ಹೇಳ್ತೀನಿ. ನಮ್ಮ ಡೆಸ್ಕ್‌ನಲ್ಲಿ ಹೊಸಬರು ಬಂದರೆ ಮೊದಲು ಇದನ್ನೇ ಕಾಗದದ ಮೇಲೆ ಮಾಡಿಸುತ್ತಿದ್ದೆ. ಅಮೆರಿಕದಲ್ಲಿ ಎಕ್ಸ್‌ಐವಿ ಅನ್ನೋ ನೋಟ್ ಇತ್ತು, ಕ್ರೆಡಿಟ್ ಸ್ವಿಸ್‌ನದ್ದು. ವಿಕ್ಸ್ ಫ್ಯೂಚರ್ ಎಷ್ಟು ಏರುತ್ತೋ ಅಷ್ಟು ಇದು ಇಳಿಯಬೇಕು, ದಿನದ ಲೆಕ್ಕದಲ್ಲಿ. 2010ರ ಕೊನೆಯಲ್ಲಿ ಶುರುವಾಯ್ತು. ಸ್ಪ್ಲಿಟ್ ಲೆಕ್ಕ ಹಾಕಿದರೆ 10 ಡಾಲರ್‌ನಿಂದ ಹೊರಟು 2018ರ ಜನವರಿಯಲ್ಲಿ 140 ದಾಟಿತ್ತು.

ಈಗ ಕಾಗದ ತೆಗೆದುಕೊಳ್ಳಿ. ನಿಮ್ಮ ಹತ್ತಿರ 100 ರೂಪಾಯಿ ಇದೆ, 100 ರೂಪಾಯಿಯ ಫ್ಯೂಚರ್ ಮಾರಿದ್ದೀರಿ. ಅದು 20% ಏರಿತು. ನಿಮ್ಮ ಹತ್ತಿರ 80 ಉಳಿಯಿತು, ಆದರೆ ಮಾರಿದ ಫ್ಯೂಚರ್ ಈಗ 120 ಆಗಿದೆ. ನಾಳೆಗೆ ಎರಡೂ ಸಮ ಇರಬೇಕು ಅನ್ನೋದು ಆ ನೋಟ್‌ನ ನಿಯಮ. ಹಾಗಾದರೆ ಇವತ್ತು ಸಂಜೆಯೇ 40 ರೂಪಾಯಿಯ ಫ್ಯೂಚರ್ ವಾಪಸ್ ಕೊಳ್ಳಬೇಕು. ಏರಿದ ದಿನವೇ, ಏರಿದ ಬೆಲೆಗೇ. ಇಂಥ ದೊಡ್ಡ ಫಂಡ್‌ಗಳು ಒಂದಕ್ಕಿಂತ ಹೆಚ್ಚಿದ್ದವು. ಎಲ್ಲವೂ ಅದೇ ಗಳಿಗೆಯಲ್ಲಿ ಕೊಳ್ಳಬೇಕು, ಎಷ್ಟು ಕೊಳ್ಳಬೇಕು ಅನ್ನೋದು ಮಾರ್ಕೆಟ್‌ಗೆಲ್ಲ ಮೊದಲೇ ಗೊತ್ತು.

2018ರ ಫೆಬ್ರವರಿ 5ರಂದು ಅಮೆರಿಕದ ಸೂಚ್ಯಂಕ ಬಿದ್ದಿದ್ದು ಸುಮಾರು 4% ಅಷ್ಟೇ. ವಿಕ್ಸ್ 17.31ರಿಂದ 37.32ಕ್ಕೆ ಹೋಯ್ತು. ಸಂಜೆ ನಾಲ್ಕಕ್ಕೆ ಎಕ್ಸ್‌ಐವಿ 99 ಡಾಲರ್‌ನಲ್ಲಿತ್ತು. ಆಮೇಲೆ ಆ ಕೊಳ್ಳುವಿಕೆಯೇ ಫ್ಯೂಚರ್ ಬೆಲೆ ಏರಿಸಿತು, ಬೆಲೆ ಏರಿದ್ದಕ್ಕೆ ಇನ್ನೂ ಕೊಳ್ಳಬೇಕಾಯ್ತು. ದಿನದ ಕೊನೆಯ ಮೌಲ್ಯ 4.22 ಡಾಲರ್. ಏಳು ವರ್ಷದ ಹಿಂದೆ ಹೊರಟ ಜಾಗಕ್ಕಿಂತಲೂ ಕೆಳಗೆ. ಆ ತಿಂಗಳಲ್ಲೇ ನೋಟ್ ಮುಚ್ಚಿದರು. ಅಲ್ಲಿ ಯುದ್ಧ ಆಗಿರಲಿಲ್ಲ, ಬ್ಯಾಂಕ್ ಮುಳುಗಿರಲಿಲ್ಲ. ಮಾರಿದವರ ಗುಂಪು ದೊಡ್ಡದಾಗಿತ್ತು, ಬಾಗಿಲು ಚಿಕ್ಕದಿತ್ತು.

ವಿಜಯನಗರ_ಕಿರಣ್

ಲಿಮಿಟ್ ಸ್ಟಾಪ್‌ಲಾಸ್ ವಿಷಯ ಒಪ್ಪಿದೆ ಮೇಡಂ. ನನ್ನ ಹಳೇ ಆರ್ಡರ್‌ಗಳನ್ನು ತೆಗೆದು ನೋಡಿದೆ, ಎರಡು ಸಲ ಹಾಗೇ ನೇತಾಡಿವೆ, ಪುಣ್ಯಕ್ಕೆ ಬೆಲೆ ವಾಪಸ್ ಬಂದಿತ್ತು. ಹಾಗಾದರೆ ಮಾರಲೇಬಾರದಾ?

ಸರಸ್ವತಿಪುರಂ_ವಸುಧಾ

ಮಾರಬಾರದು ಅಂತಲ್ಲ. ಶಿವು ಅವರ ಅದೇ ಶುಕ್ರವಾರಕ್ಕೆ ಹೋಗೋಣ. 22,300ರ ಪುಟ್ ಮಾರಿದ ಮೇಲೆ ಅದರ ಕೆಳಗೆ 21,900ರ ಪುಟ್ ಒಂದನ್ನು ಕೊಂಡಿಡಬೇಕಿತ್ತು. ಬೆಲೆ 9 ರೂಪಾಯಿ ಅಂದುಕೊಳ್ಳಿ. ಕೈಗೆ ಬರೋದು 41 ಬದಲು 32. ಈಗ ನಿಫ್ಟಿ ಪಾತಾಳಕ್ಕೆ ಹೋದರೂ ಒಂದು ಕ್ವಾಂಟಿಟಿಗೆ ಆಗುವ ನಷ್ಟ 400ರಲ್ಲಿ 32 ಕಳೆದು 368. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ಮೇಲಿನ ಕಾಲ್‌ಗೂ ಹೀಗೇ ಒಂದು ಕೊಳ್ಳೋದು ಒಳ್ಳೆಯದು, ಲೆಕ್ಕ ಸುಲಭ ಇರಲಿ ಅಂತ ಬಿಟ್ಟಿದ್ದೇನೆ. ಪುಟ್ ಕಡೆ ಎಷ್ಟು ಹೋಗಬಹುದು ಅನ್ನೋದು ಶುಕ್ರವಾರವೇ ಗೊತ್ತಿರುವ ಕಾರಣ ಸೋಮವಾರ ಮಾರ್ಜಿನ್ ಹೀಗೆ ಉಬ್ಬುತ್ತಿರಲಿಲ್ಲ, ಬುಧವಾರದ ತನಕ ಕೂರಬಹುದಿತ್ತು.

ಆಮೇಲೆ ಕ್ವಾಂಟಿಟಿ. ಒಂದು ಕೆಟ್ಟ ವಾರಕ್ಕೆ 16 ಲಕ್ಷದಲ್ಲಿ 2% ಹೋದರೆ ತಡೆದುಕೊಳ್ತೀನಿ ಅಂತ ಇಟ್ಟುಕೊಳ್ಳಿ, 32 ಸಾವಿರ. ಆಗ ಒಂದು ಲಾಟ್ ಅಂದ್ರೆ 75 ಕ್ವಾಂಟಿಟಿ. 368 ಗುಣಿಸು 75, ಒಂದು ಲಾಟ್‌ಗೆ 27,600. ಅಂದ್ರೆ ಒಂದೇ ಲಾಟ್. ಎಂಟಲ್ಲ, ಒಂದು. ಆ ವಾರ ಸಿಗುವ ಗರಿಷ್ಠ ಲಾಭ 2,400 ರೂಪಾಯಿ. ಕೆಟ್ಟ ದಿನವನ್ನೂ ಲೆಕ್ಕಕ್ಕೆ ಹಿಡಿದರೆ ಈ ವ್ಯಾಪಾರದ ಆದಾಯ ಇಷ್ಟೇ. ನಿಮ್ಮ ಪುಸ್ತಕದಲ್ಲಿ ಅದಕ್ಕಿಂತ ಹೆಚ್ಚು ಬಂದ ವಾರಗಳಲ್ಲಿ, ಆ ಹೆಚ್ಚಿನದು ಇನ್ನೂ ಬರದ ಏಪ್ರಿಲ್ 7ರಿಂದ ತಂದ ಸಾಲ.

ವಿಜಯನಗರ_ಕಿರಣ್

ಒಂದು ವರ್ಷ ಎಲ್ಲ ವಾರವೂ ಗೆದ್ದರೂ 1.25 ಲಕ್ಷ. 16 ಲಕ್ಷ ಎಫ್‌ಡಿ ಇಟ್ಟರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಲ್ಲ! ಆದರೆ ಪ್ಲೆಡ್ಜ್ ಇಟ್ಟ ಫಂಡ್ ತನ್ನ ಪಾಡಿಗೆ ಬೆಳೆಯುತ್ತಾ ಇರುತ್ತೆ, ಇದು ಅದರ ಮೇಲೆ ಸಿಗೋದು. ಅದನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ.

ಸರಸ್ವತಿಪುರಂ_ವಸುಧಾ

ಹಿಡಿಯಬೇಕು, ಸರಿ. ಅದು ಷೇರು ಫಂಡ್ ಆಗಿದ್ದರೆ ಪುಟ್ ಹೊಡೆಯುವ ದಿನವೇ ಅದೂ ಬೀಳುತ್ತೆ ಅನ್ನೋದನ್ನೂ ಹಿಡಿಯಬೇಕು. ಲಿಕ್ವಿಡ್ ಫಂಡ್ ಆದರೆ ನಿಮ್ಮ ಮಾತು ಪೂರ್ತಿ ನಿಲ್ಲುತ್ತೆ. ಖರ್ಚು, ತೆರಿಗೆ ಕಳೆದ ಮೇಲೆ ನಮ್ಮ ವಾರದ ಆಪ್ಷನ್‌ಗಳಲ್ಲಿ ಏನಾದರೂ ಉಳಿಯುತ್ತಾ ಅನ್ನೋದರಲ್ಲಿ ನನ್ನ ಜೊತೆ ಕೆಲಸ ಮಾಡಿದವರಲ್ಲೇ ಎರಡು ಅಭಿಪ್ರಾಯ ಇದೆ. ಉಳಿಯುತ್ತೆ, ಆದರೆ ತುಂಬಾ ತೆಳು ಅನ್ನೋದು ನನ್ನ ಅಂದಾಜು.

ಹೆಬ್ಬಾಳ್_ದೀಪು

ನಾನು ಒಪ್ಪಲ್ಲ. ಹಗಲಿನಲ್ಲಿ ಮಾತ್ರ ಮಾರಿದರೆ ಇಷ್ಟು ಹೆದರಬೇಕಿಲ್ಲ. ಒಂದು ವರ್ಷದ ನನ್ನ ಲೆಕ್ಕ ಮುಂದಿನ ವಾರ ಇಲ್ಲೇ ಹಾಕ್ತೀನಿ.

ಪಾಂಡವಪುರ_ರೂಪಾ

ವಸುಧಾ ಅಕ್ಕ, ನಮ್ಮ ಯಜಮಾನರು ಈ ತಿಂಗಳು ಇದನ್ನು ಶುರು ಮಾಡ್ತೀನಿ ಅಂತಿದ್ದಾರೆ. ವಿಕ್ಸ್ ಏರಿದೆಯಂತೆ, ಜಾಸ್ತಿ ಪ್ರೀಮಿಯಂ ಸಿಗುತ್ತಂತೆ. ಇಂಥ ಹೊತ್ತಲ್ಲಿ ಮಾರೋದು ಒಳ್ಳೇದಾ?

ಸರಸ್ವತಿಪುರಂ_ವಸುಧಾ

ರೂಪಾ, ಪ್ರೀಮಿಯಂ ದಪ್ಪ ಇರುವಾಗ ಮಾರೋದು ಅಗ್ಗದಲ್ಲಿ ಮಾರೋದಕ್ಕಿಂತ ಮೇಲು, ಆದರೆ ಅಲುಗಾಟವೂ ಅಷ್ಟೇ ದೊಡ್ಡದಿರುತ್ತೆ. 2020ರ ಮಾರ್ಚ್‌ನಲ್ಲಿ ಇಂಡಿಯಾ ವಿಕ್ಸ್ 40 ದಾಟಿದಾಗ ಇನ್ನೆಷ್ಟು ಏರೀತು ಅಂತ ಮಾರಿದವರು ಅದು 80 ದಾಟಿದ್ದನ್ನೂ ನೋಡಿದರು. ಅವರಿಗೆ ಒಂದು ಪ್ರಶ್ನೆ ಕೇಳಿ. ನಾಳೆ ಬೆಳಗ್ಗೆ ನಿಫ್ಟಿ 10% ಕೆಳಗೆ ತೆರೆದರೆ ಎಷ್ಟು ರೂಪಾಯಿ ಹೋಗುತ್ತೆ? ಕಾಗದದ ಮೇಲೆ ಒಂದು ಅಂಕಿ ಬರೆದು ಕೊಡಲಿ. ಬರೆಯೋಕೆ ಆಗದಿದ್ದರೆ ಪೊಸಿಷನ್ ಬೇಡ.

ಮದ್ದೂರು_ನಾಗರಾಜ

ನಮ್ಮ ಕಂಪನಿಗಳು ದೊಡ್ಡ ಕ್ಲೇಮ್ ಬಂದರೆ ಅಂತ ಇನ್ನೊಂದು ಕಂಪನಿ ಹತ್ತಿರ ತಾವೇ ವಿಮೆ ಮಾಡಿಸಿರ್ತವೆ. ಆ 9 ರೂಪಾಯಿ ಪುಟ್ ಅದೇ ಅಲ್ವಾ ಮೇಡಂ?

ಸರಸ್ವತಿಪುರಂ_ವಸುಧಾ

ಅದೇ, ನಾಗರಾಜ್. ರೀಇನ್ಶೂರೆನ್ಸ್.

ಮಂಡ್ಯ_ಶಿವು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರಾತ್ರಿ ಪುಸ್ತಕ ಇಟ್ಟುಕೊಂಡು ಕೂತಿದ್ದೆ. ಪ್ರತಿ ವಾರದ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದೆ, ಆ ವಾರ 5% ಗ್ಯಾಪ್ ಬಂದಿದ್ದರೆ ಎಷ್ಟು ಹೋಗುತ್ತಿತ್ತು ಅಂತ. ಇನ್ನೂ 2023ರ ಅಕ್ಟೋಬರ್‌ವರೆಗೆ ಮಾತ್ರ ಬಂದಿದ್ದೇನೆ. ಆಗಲೇ ಒಂದೊಂದು ವಾರದ ಆ ಅಂಕಿ, ಅಲ್ಲಿಯವರೆಗೆ ಕೂಡಿಸಿದ್ದ ಲಾಭಕ್ಕಿಂತ ದೊಡ್ಡದಿದೆ. ಮೇಡಂ, ಇದರಲ್ಲಿ ಕಾಲ್ ಕಡೆಗೂ 5% ಹಾಕಿ ನೋಡಬೇಕಾ, ಅಥವಾ ಮೇಲಕ್ಕೆ ಅಷ್ಟು ಗ್ಯಾಪ್ ಬರಲ್ವಾ?